ರಿಕವರಿ ಈಮೇಲ್, ಫೋನ್ ನಂಬರ್: ಸತ್ಯಾಂಶ

ಫಾರ್ವರ್ಡ್: "ರಿಕವರಿ ಈಮೇಲ್, ಫೋನ್ ನಂಬರ್ ಒಮ್ಮೆ ಸೇರಿಸಿಬಿಡಿ. ಪಾಸ್‌ವರ್ಡ್ ಮರೆತರೂ ಅಕೌಂಟ್ ಎಂದಿಗೂ ಲಾಕ್ ಆಗಲ್ಲ."

ಅರ್ಧ ನಿಜ. ಸೇರಿಸಲೇಬೇಕು, ಆದರೆ ಪಾಸ್‌ವರ್ಡ್ ಮರೆತಾಗ ಆ ಈಮೇಲ್‌ಗೋ ನಂಬರ್‌ಗೋ ಒಂದು ಕೋಡ್ ಬರುತ್ತದೆ, ಅದನ್ನು ಓದಲು ನಿಮಗೆ ಆಗಬೇಕು, ಅಲ್ವಾ?

ನನ್ನ ಗೆಳತಿಗೆ ಆಗಿದ್ದು ಹೀಗೆ. ಮುಖ್ಯ ಅಕೌಂಟ್‌ಗೆ ಫೋನ್ ನಂಬರ್ ಮತ್ತು ಹಳೆಯ ಈಮೇಲ್ ಎರಡನ್ನೂ ಕೊಟ್ಟಿದ್ದರು. ಫೋನ್ ಕಳೆದುಹೋಯಿತು, ಹೊಸ ಸಿಮ್ ಇನ್ನೂ ಸಿಕ್ಕಿರಲಿಲ್ಲ. ಹಳೆಯ ಈಮೇಲ್ ತೆರೆಯಲು ಹೋದರೆ ಅದರ ಪಾಸ್‌ವರ್ಡ್ ಕೂಡ ನೆನಪಿಲ್ಲ. ಅದರ ರಿಕವರಿ ನಂಬರ್ ಕೂಡ ಕಳೆದುಹೋದ ಅದೇ ನಂಬರ್! ಎರಡು ದಾರಿ ಇದ್ದಂತೆ ಕಂಡಿತ್ತು, ನಿಜವಾಗಿ ಇದ್ದದ್ದು ಒಂದೇ.

ಹಾಗಾಗಿ ರಿಕವರಿ ಈಮೇಲ್‌ಗೆ ಬೇರೆ ನಂಬರ್ ಕೊಡಿ. ಮನೆಯವರಲ್ಲಿ ತುಂಬಾ ನಂಬಿಕೆ ಇರುವವರ ನಂಬರ್ ಆಗಬಹುದು. ಆದರೆ ಕೋಡ್ ಅವರ ಕೈಗೆ ಹೋಗುತ್ತದೆ, ಅದು ನೆನಪಿರಲಿ.

ಗೂಗಲ್ ಅಕೌಂಟ್ ಆದರೆ myaccount.google.com ತೆರೆದು ಸೆಕ್ಯುರಿಟಿ ವಿಭಾಗದಲ್ಲಿ ಎರಡನ್ನೂ ನೋಡಬಹುದು. ಸುಮ್ನೆ ನೋಡಿ ಬಿಡಬೇಡಿ. ಆ ಈಮೇಲ್‌ಗೆ ಈಗಲೇ ಲಾಗಿನ್ ಆಗಿ ನೋಡಿ, ಅದೇ ಸರಿಯಾದ ಪರೀಕ್ಷೆ. ನಂಬರ್ ಬದಲಿಸಿದರೆ ಅದೇ ದಿನ ಇಲ್ಲೂ ಬದಲಿಸಿ. ಬಿಟ್ಟ ನಂಬರ್ ಮುಂದೆ ಬೇರೆಯವರಿಗೆ ಸಿಗುತ್ತದೆ, ಆಗ ನಿಮ್ಮ ಕೋಡ್ ಅವರಿಗೆ ಹೋಗಬಹುದು.