ಉಂಗುರದ ಅಳತೆ

ಮದುವೆಗೆ ಒಪ್ಪಿಗೆ ಕೇಳಬೇಕು ಅಂತ ಮನಸ್ಸು ಮಾಡಿದವರಿಗೆ ಇದ್ದಕ್ಕಿದ್ದಂತೆ ಮನೆಗಳ ಮೇಲೆ ಆಸಕ್ತಿ ಹುಟ್ಟುತ್ತದೆ. 'ಅಡುಗೆಮನೆ ದೊಡ್ಡದಿರಬೇಕಾ, ಬಾಲ್ಕನಿ ಬೇಕಾ?' ಅಂತ ಸುಮ್ನೆ ಕೇಳಿದ ಹಾಗೆ ಕೇಳುತ್ತಾರೆ. ಇದನ್ನು ಸುಳಿವು ಅಂತ ನಾನು ಅಷ್ಟಾಗಿ ನಂಬುವುದಿಲ್ಲ. ಮನೆಯ ಕನಸು ಕಾಣಲು ದುಡ್ಡು ಬೇಡ, ಯಾರು ಬೇಕಾದರೂ ಕಾಣಬಹುದು. ಹೋದ ತಿಂಗಳು ನೀವು ಹೇಳಿದ ಬಾಲ್ಕನಿಯನ್ನು ಅವರು ಈ ತಿಂಗಳು ತಾವಾಗಿಯೇ ನೆನಪಿಸಿದರೆ ಮಾತ್ರ ಸ್ವಲ್ಪ ಕಿವಿ ನೆಟ್ಟಗೆ ಮಾಡಬಹುದು.

ಉಂಗುರದ ವಿಷಯ ಹಾಗಲ್ಲ. ಚಿನ್ನ ಇಷ್ಟವಾ, ಬಿಳಿ ಲೋಹವಾ ಅಂತ ಬಾಯಲ್ಲಿ ಕೇಳಿಬಿಡಬಹುದು. ಬೆರಳಿನ ಅಳತೆ ಕೇಳಿದರೆ ಗುಟ್ಟೇ ರಟ್ಟಾಗುತ್ತದೆ. ಅದಕ್ಕೇ ಕಳ್ಳತನಕ್ಕೆ ಇಳಿಯುತ್ತಾರೆ. ಮಲಗಿದಾಗ ಬೆರಳಿಗೆ ದಾರ ಸುತ್ತುವವರೂ ಇದ್ದಾರೆ. ದಾರ ಹಿಗ್ಗುತ್ತದೆ, ಗೆಣ್ಣಿನ ದಪ್ಪ ಲೆಕ್ಕಕ್ಕೆ ಬರುವುದೇ ಇಲ್ಲ. ಸುತ್ತಳತೆಯಲ್ಲಿ ಎರಡೂವರೆ ಮಿಲಿಮೀಟರ್ ತಪ್ಪಿದರೆ ಅಮೆರಿಕದ ಲೆಕ್ಕದಲ್ಲಿ ಹೆಚ್ಚುಕಡಿಮೆ ಒಂದು ಸೈಜೇ ತಪ್ಪಿದ ಹಾಗೆ. ಇದಕ್ಕಿಂತ ಹಳೇ ಉಂಗುರ ಒಂದನ್ನು ಎತ್ತಿಕೊಂಡು ಹೋಗಿ ಒಳಗಿನ ಅಗಲ ಅಳೆಸುವುದು ವಾಸಿ.

ನನ್ನ ಗೆಳತಿಯೊಬ್ಬಳ ಉಂಗುರ ಹೀಗೇ ಕಾಣೆಯಾಯಿತು. ಎರಡು ದಿನ ಬಿಟ್ಟು ಡಬ್ಬಿಯಲ್ಲೇ ಸಿಕ್ಕಿತು. ಆದರೆ ಕಲ್ಲಿನ ಕೆಳಗೆ ವರ್ಷಗಟ್ಟಲೆ ಕೂತಿದ್ದ ಸೋಪಿನ ಕೊಳೆ ಮಾಯ! ಅಂಗಡಿಯವರು ಪಾಪ, ಅಳತೆ ನೋಡುವಾಗ ತೊಳೆದೂ ಕೊಟ್ಟಿದ್ದರು. ಅವಳಿಗೆ ಎಲ್ಲ ಅರ್ಥವಾಯಿತು. ಖುಷಿಯ ಹಿಂದೆಯೇ ಗಾಬರಿಯೂ ಬಂತು. ಅದು ಬಲಗೈ ನಡುಬೆರಳಿನ ಉಂಗುರ, ಒಳಗಿನ ಅಗಲ 17.3 ಮಿಲಿಮೀಟರ್. ಎಡಗೈ ಉಂಗುರಬೆರಳಿಗೆ 16.5 ಸಾಕು. ಕೆಲಸ ಮಾಡುವ ಕೈಯ ಬೆರಳು ಸಾಮಾನ್ಯವಾಗಿ ಒಂಚೂರು ದಪ್ಪ, ನಡುಬೆರಳಂತೂ ಇನ್ನೂ ದಪ್ಪ. ಆ 0.8 ಮಿಲಿಮೀಟರ್ ಸಾಕು, ಕೈ ತೊಳೆಯುವಾಗ ಉಂಗುರ ಜಾರಿ ಹೋಗಲು.

ಸಾದಾ ಉಂಗುರವಾದರೆ ಆಮೇಲೆ ಕತ್ತರಿಸಿ ಬೆಸೆದು ಚಿಕ್ಕದು ಮಾಡಬಹುದು. ಸುತ್ತಲೂ ಕಲ್ಲು ಕೂರಿಸಿದ್ದಾದರೆ ಬಹಳ ಕಷ್ಟ, ಕತ್ತರಿಸಲು ಖಾಲಿ ಜಾಗವೇ ಇರುವುದಿಲ್ಲ. ಅವಳಿಗೆ ಇಷ್ಟವಾಗಿದ್ದು ಅಂಥದ್ದೇ, ಅದನ್ನು ತನ್ನ ಹುಡುಗನಿಗೆ ಹೇಳಿಯೂ ಆಗಿತ್ತು.

ಹಾಗಂತ 'ಅಳತೆ ತಪ್ಪು ಕಣೋ' ಅನ್ನುವುದಾದರೂ ಹೇಗೆ? ಅವನ ಗುಟ್ಟು ಅವನಿಗೇ ಇರಲಿ ಅಂತ, ಟಿವಿ ನೋಡುವಾಗ ಆ ಉಂಗುರವನ್ನು ಎಡಗೈ ಉಂಗುರಬೆರಳಿಗೆ ಹಾಕಿಕೊಂಡು ಕೈ ಕೆಳಗೆ ಮಾಡಿದಳು. ಠಣ್ ಅಂತ ಬಿತ್ತು. 'ನೋಡು, ಈ ಬೆರಳಿಗೆ ಎಷ್ಟು ಸಡಿಲ' ಅಂದಳು. ಅವನು ಉಂಗುರ ಹುಡುಕಿಕೊಟ್ಟು ಬಹಳ ಹೊತ್ತು ಟಿವಿ ಕಡೆಗೇ ನೋಡುತ್ತಾ ಕೂತ. ಆಮೇಲೆ ಕೇಳಿದ: 'ಚಳಿಗೆ ಬೆರಳು ಸಣ್ಣ ಆಗುತ್ತೆ, ಅಲ್ವಾ?'

ಆಗುತ್ತದೆ, ನಿಜ. ಆದರೆ ಒಂದು ಸೈಜಿನಷ್ಟಲ್ಲ ಅಂತ ಅವಳು ಹೇಳಿದಳಂತೆ. ಮರುದಿನ ಅವನಿಗೆ ಆಫೀಸಿನಿಂದ ಬರುವುದು ತಡವಾಯಿತು. ಯಾಕೆ ಅಂತ ಅವಳು ಕೇಳಲಿಲ್ಲ.