ಸೇರದ ಚರ್ಚಿನಿಂದ ಹೊರಬರುವುದು ಹೇಗೆ?

ನನ್ನ ತಂಗಿಯ ಮಗ ಡಿಸೆಂಬರ್ ಒಂದರಂದು ಜರ್ಮನಿಯ ಸ್ಟಟ್‌ಗಾರ್ಟ್‌ನಲ್ಲಿ ಕೆಲಸಕ್ಕೆ ಸೇರಿದ. ತಿಂಗಳ ಕೊನೆಗೆ ಸಂಬಳದ ಚೀಟಿ ಬರುವಷ್ಟರಲ್ಲಿ ರೋಮನ್ ಕ್ಯಾಥೊಲಿಕ್ ಆಗಿದ್ದ. ಸಾಗರದ ಕಡೆಯ ಅಡಿಕೆ ತೋಟದ ಮನೆಯ ಮಾಣಿ. ಮತಾಂತರ ಮಾಡಿದ್ದು ಪಾದ್ರಿಯಲ್ಲ, ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಕುಳಿತ ಅವನದೇ ಕಂಪನಿಯ ಸಂಬಳ ವಿಭಾಗ.

ಆ ದೇಶದಲ್ಲಿ ಚರ್ಚಿನ ಸದಸ್ಯರಿಂದ ಚರ್ಚಿನ ಪರವಾಗಿ ಸರ್ಕಾರವೇ ತೆರಿಗೆ ಹಿಡಿದುಕೊಡುತ್ತದೆ. ಅದರಲ್ಲಿ ಗುಟ್ಟೇನೂ ಇಲ್ಲ, ಸದಸ್ಯರಿಗೆಲ್ಲ ಗೊತ್ತಿರುವ ಏರ್ಪಾಡು. ಬವೇರಿಯಾ ಮತ್ತು ಸ್ಟಟ್‌ಗಾರ್ಟ್ ಇರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯಗಳಲ್ಲಿ ನೂರಕ್ಕೆ 8, ಉಳಿದ ಕಡೆ 9. ಸಂಬಳದ ಮೇಲಲ್ಲ, ಸಂಬಳಕ್ಕೆ ಬೀಳುವ ವರಮಾನ ತೆರಿಗೆಯ ಮೇಲೆ. ನಮ್ಮ ಮಾಣಿಗೆ ಚಿಲ್ಲರೆ ಬಿಟ್ಟರೆ 700 ಯೂರೋ ತೆರಿಗೆ, ಅದರ ನೂರಕ್ಕೆ ಎಂಟು ಎಂದರೆ 56 ಯೂರೋ. ನಮ್ಮ ಲೆಕ್ಕದಲ್ಲಿ ಐದು ಸಾವಿರ ರೂಪಾಯಿಗೂ ಮೇಲೆ. ಅವನ ಅಮ್ಮ ಸಿಗಂದೂರಿನ ಹುಂಡಿಗೆ ನೂರಾ ಒಂದು ಹಾಕುವಾಗಲೂ ಒಮ್ಮೆ ಪರ್ಸಿನೊಳಗೆ ನೋಡಿಕೊಳ್ಳುವವಳು.

ಆಗಿದ್ದು ಇಷ್ಟು. ಸೇರುವಾಗ ತುಂಬಿದ ಅರ್ಜಿಯಲ್ಲಿ ಧರ್ಮದ ಜಾಗದಲ್ಲಿ ಅವನು ‘ಹಿಂದೂ’ ಎಂದು ಬರೆದಿದ್ದ. ಸಂಬಳ ವಿಭಾಗದ ತಂತ್ರಾಂಶದಲ್ಲಿ ಆ ಹೆಸರಿಲ್ಲ, ಏಕೆಂದರೆ ತೆರಿಗೆ ಹಿಡಿಯಬೇಕಾದ ಪಂಗಡಗಳಷ್ಟೇ ಅಲ್ಲಿರುತ್ತವೆ. ಉಳಿದವರೆಲ್ಲರಿಗೂ ಒಂದು ಖಾಲಿ ಗೆರೆ. ಖಾಲಿ ಬಿಡುವುದೆಂದರೆ ಕೆಲಸ ಮಾಡದೆ ಬಿಟ್ಟಂತೆ ಎಂದು ಭಾವಿಸಿದ ಯಾವುದೋ ಶ್ರದ್ಧಾವಂತ ಕೈ `rk` ಒತ್ತಿತು. ಕ್ಯಾಥೊಲಿಕ್ ಎಂಬುದಕ್ಕೆ ಅಲ್ಲಿನ ಸಂಕೇತ.

ಮಾಣಿ ಇಮೇಲ್ ಬರೆದ. ಬರೆದದ್ದನ್ನು ನನಗೂ ಕಳಿಸಿದ. ಓದಿ ನನಗೆ ನನ್ನ ಅಜ್ಜನ ಕಾಲದ ಕಾರ್ಡುಗಳು ನೆನಪಾದವು. ‘ಉಭಯ ಕುಶಲೋಪರಿ ಸಾಂಪ್ರತ’ ಎಂದು ಶುರುವಾಗಿ, ಮಳೆ, ಬೆಳೆ, ಕರು ಹಾಕಿದ ಎಮ್ಮೆ ಎಲ್ಲ ಮುಗಿದು, ಜಾಗ ಉಳಿದರೆ ಸಾಲದ ವಿಷಯ. ಇವನದೂ ಅದೇ. ತಾವು ಕ್ಷೇಮವೆಂದು ನಂಬಿದ್ದೇನೆ, ತಮ್ಮ ಅಮೂಲ್ಯ ಸಮಯ ಕೇಳುತ್ತಿರುವುದಕ್ಕೆ ಕ್ಷಮೆ, ಬಹುಶಃ ನಾನೇ ತಪ್ಪು ತಿಳಿದಿರಬಹುದು, ಸಾಧ್ಯವಾದರೆ ಒಮ್ಮೆ ನನ್ನ ಚೀಟಿಯನ್ನು ಪರಿಶೀಲಿಸಬಹುದೇ? ಯಾವ ತಿಂಗಳು, ಯಾವ ಸಾಲು, ಎಷ್ಟು ಹಣ, ಒಂದೂ ಇಲ್ಲ. ವಿಷಯದ ಜಾಗದಲ್ಲಿ ‘ಒಂದು ಸಣ್ಣ ವಿನಂತಿ’.

ಉತ್ತರ ಬಂದದ್ದು ಒಂಬತ್ತನೆಯ ದಿನ. ಅದನ್ನು ನಾನು ಕಟ್ಟು ಹಾಕಿಸಿ ಗೋಡೆಗೆ ತೂಗಿಹಾಕಬೇಕೆಂದಿದ್ದೇನೆ. ತೆರಿಗೆ ನಿಲ್ಲಬೇಕಾದರೆ ಚರ್ಚಿನಿಂದ ಹೊರಬಂದ ಬಗ್ಗೆ ಪ್ರಮಾಣಪತ್ರ ಕೊಡಿ ಎಂದಿದ್ದರು. ಅಂಥ ಪ್ರಮಾಣಪತ್ರ ಇರುವುದು ನಿಜ. ಆ ರಾಜ್ಯದಲ್ಲಿ ಜನನ ಮರಣ ನೋಂದಾಯಿಸುವ ಕಚೇರಿಗೆ ಹೋಗಿ, ಶುಲ್ಕ ಕಟ್ಟಿ, ಸದಸ್ಯತ್ವ ಬಿಡುತ್ತೇನೆಂದು ಸಹಿ ಹಾಕಬೇಕು. ಆದರೆ ಬಿಡಲು ಮೊದಲು ಹಿಡಿದಿರಬೇಕಲ್ಲ? ಜ್ಞಾನಸ್ನಾನವೇ ಆಗದವನು, ಆದವರ ಸಾಲಿನಲ್ಲಿ ನಿಂತು ಏನೆಂದು ಬರೆದುಕೊಡಬೇಕು?

ಇಲ್ಲಿ ಶಿವಮೊಗ್ಗದ ಅಡಿಕೆ ಮಂಡಿಯ ವಿಷಯ ಹೇಳದೆ ಮುಂದೆ ಹೋಗಲಾರೆ. ಮಂಡಿಯವರು ಸಂತರೆಂದು ನಾನು ಹೇಳುವುದಿಲ್ಲ. ಆದರೆ ಒಮ್ಮೆ ನಾನು ಕೊಟ್ಟದ್ದು ರಾಶಿ ಅಡಿಕೆ, ಪಟ್ಟಿಯಲ್ಲಿ ಬಿದ್ದದ್ದು ಗೊರಬಲು ಎಂದು. ಎರಡರ ದರಕ್ಕೂ ಅಜಗಜಾಂತರ. ಗುಮಾಸ್ತರ ಮುಂದೆ ಪಟ್ಟಿ ಇಟ್ಟು ಬೆರಳು ತೋರಿಸಿದೆ. ಅವರು ಕನ್ನಡಕ ಏರಿಸಿ, ಚೀಲದ ಗುರುತು ನೋಡಿ, ಕೆಂಪು ಶಾಯಿಯಲ್ಲಿ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಸಹಿ ಹಾಕಿದರು. ‘ಕೈ ತಪ್ಪಿತು ರಾಯರೇ, ಚಹಾ ಕುಡಿಯುತ್ತೀರಾ?’ ಎಂದರು. ಅಡಿಕೆ ಬೆಳೆಗಾರನಲ್ಲ ಎಂದು ಸಾಬೀತು ಮಾಡುವ ಪತ್ರ ಕೇಳಲಿಲ್ಲ. ಹೊರಡುವಾಗ ಐದು ನಕ್ಷತ್ರ ಕೊಡಿ ಎಂದೂ ಕೇಳಲಿಲ್ಲ.

ಜನವರಿ ಹೋಯಿತು, ಇನ್ನೊಂದು 56 ಹೋಯಿತು. ಮಾಣಿ ಮತ್ತೆ ಬರೆದ, ದೂರಿಗೊಂದು ಟಿಕೆಟ್ ಸಂಖ್ಯೆ ಬಂತು. ಬಂದ ಮೂರನೆಯ ದಿನ, ‘ನಿಮ್ಮಿಂದ ಪ್ರತಿಕ್ರಿಯೆ ಬಾರದ ಕಾರಣ ಟಿಕೆಟ್ ಮುಚ್ಚಲಾಗಿದೆ’. ಅವರು ಕೇಳಿದ್ದು ಅದೇ ಪ್ರಮಾಣಪತ್ರ. ಫೆಬ್ರವರಿಯಲ್ಲಿ ಇನ್ನೊಂದು ಟಿಕೆಟ್, ಮುಚ್ಚಿದ ಇನ್ನೊಂದು ಬಾಗಿಲು.

ಆ ಮೇಜಿನ ಹಿಂದೆ ಕುಳಿತಿರುವವಳು ನಮ್ಮ ಹೊಸನಗರದ ಹುಡುಗಿಯೇ ಇರಬಹುದು. ಅವಳನ್ನು ಬಯ್ಯಲು ನನಗೆ ಮನಸ್ಸಿಲ್ಲ. ದಿನಕ್ಕೆ ಎಷ್ಟು ಟಿಕೆಟ್ ಮುಚ್ಚಿದೆ ಎಂಬುದರ ಮೇಲೆ ಅವಳ ಸಂಬಳ ನಿಂತಿದ್ದರೆ ಅವಳು ಮುಚ್ಚಿಯೇ ಮುಚ್ಚುತ್ತಾಳೆ. ಆದರೆ ಈ ಏರ್ಪಾಡು ಮಾಡಿ ಮೇಲೆ ಕುಳಿತಿರುವವರಿದ್ದಾರಲ್ಲ, ಅವರು ಇನ್ನೊಬ್ಬರ ದುಡಿಮೆಯ ಹಣವನ್ನು ತಪ್ಪಾಗಿ ಹಿಡಿದು, ತಪ್ಪೆಂದು ಸಾಬೀತು ಮಾಡುವ ಹೊರೆಯನ್ನೂ ಅವನ ತಲೆಗೇ ಕಟ್ಟುತ್ತಾರೆ. ಇದಕ್ಕೆ ನಗಲು ನನಗೆ ಆಗುವುದಿಲ್ಲ. ಸಾಕಾಗಿದೆ.

ಮಾರ್ಚಿನಲ್ಲಿ ಮಾಣಿ ಫೋನ್ ಮಾಡಿ ‘ಮಾವ, ಬಿಟ್ಟುಬಿಡುತ್ತೇನೆ’ ಎಂದ. ಸಹಕಾರ ಸಂಘದಲ್ಲಿ ಮೂವತ್ತು ವರ್ಷ ಲೆಕ್ಕ ಬರೆದವನು ನಾನು, ಬಿಡಗೊಡಲಿಲ್ಲ. ‘ತಪ್ಪು ಎಲ್ಲಿ ಹುಟ್ಟಿದೆ, ಮೊದಲು ನೋಡು’ ಎಂದೆ. ಅಲ್ಲಿನ ತೆರಿಗೆ ಇಲಾಖೆ ಪ್ರತಿ ನೌಕರನ ತೆರಿಗೆ ವರ್ಗ, ಧರ್ಮ ಇತ್ಯಾದಿಗಳನ್ನು ಗಣಕದಲ್ಲಿ ಇಟ್ಟಿರುತ್ತದೆ, ಕಂಪನಿ ಅಲ್ಲಿಂದ ಇಳಿಸಿಕೊಳ್ಳಬೇಕು. ELSTER ಎಂಬ ತಾಣದಲ್ಲಿ ನೌಕರನೂ ತನ್ನದನ್ನು ನೋಡಬಹುದು. ಅಲ್ಲಿಯೂ `rk` ಇದ್ದಿದ್ದರೆ ಸಂಬಳ ವಿಭಾಗ ಏನೂ ಮಾಡುವಂತಿಲ್ಲ, ವಿಳಾಸ ನೋಂದಾಯಿಸಿದ ನಗರಸಭೆಗೆ ಹೋಗಬೇಕಿತ್ತು. ಮಾಣಿ ನೋಡಿದ. ಅಲ್ಲಿ ಖಾಲಿ. ಅವನ ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುವ ಮೊದಲು ಬೆಂಗಳೂರಿನಲ್ಲಿ ಕೈಯಾರೆ ತುಂಬಿದ್ದು, ಸಂಖ್ಯೆ ಬಂದ ಮೇಲೂ ಹಾಗೆಯೇ ಕುಳಿತಿತ್ತು.

ಹೊಸ ಇಮೇಲ್ ಬರೆಸಿದೆ. ಕುಶಲೋಪರಿ ಇಲ್ಲ. ವಿಷಯದಲ್ಲಿ ನೌಕರ ಸಂಖ್ಯೆ, ‘ಚರ್ಚ್ ತೆರಿಗೆ ತಪ್ಪಾಗಿ ಕಡಿತ, ಡಿಸೆಂಬರ್‌ನಿಂದ ಮಾರ್ಚ್’. ಒಳಗೆ: ‘ನಾನು ಯಾವ ಚರ್ಚಿನ ಸದಸ್ಯನೂ ಅಲ್ಲ, ಎಂದೂ ಆಗಿರಲಿಲ್ಲ, ಆದ್ದರಿಂದ ಹೊರಬಂದ ಪ್ರಮಾಣಪತ್ರ ಇರುವುದಿಲ್ಲ. ತೆರಿಗೆ ಇಲಾಖೆಯ ದಾಖಲೆಯಲ್ಲಿ ಧರ್ಮದ ಜಾಗ ಖಾಲಿ ಇದೆ, ಪ್ರತಿ ಲಗತ್ತಿಸಿದೆ. ನಿಮ್ಮ ಚೀಟಿಯಲ್ಲಿ `rk` ಇದೆ. ನಾಲ್ಕು ತಿಂಗಳಿಗೆ ಒಟ್ಟು 224 ಯೂರೋ. ಹಿಂದಿನ ತಿಂಗಳುಗಳನ್ನು ಮರುಲೆಕ್ಕ ಮಾಡಿ ಏಪ್ರಿಲ್ ಸಂಬಳದಲ್ಲಿ ಹಿಂದಿರುಗಿಸಿ, ಪ್ರತಿ ತಿಂಗಳ ತಿದ್ದಿದ ಚೀಟಿ ಕಳಿಸಿ.’ ಲೆಕ್ಕ ಮುಚ್ಚುವ ದಿನಕ್ಕಿಂತ ಮೊದಲೇ ಹೋಗಲಿ ಎಂದು ಅಂದೇ ಕಳಿಸಿದ.

ಏಪ್ರಿಲ್ ಚೀಟಿ ಬಂತು. ಧರ್ಮದ ಜಾಗ ಖಾಲಿ. ಕೆಳಗೆ ವಾಪಸು ಬಂದ ಮೊತ್ತ 168. ಮಾಣಿ ಮೂರು ಸಲ ಕೂಡಿದ, ನಾನೂ ಕೂಡಿದೆ.

ಡಿಸೆಂಬರ್ ಹಳೆಯ ವರ್ಷಕ್ಕೆ ಸೇರಿದ್ದು. ಆ ವರ್ಷದ ತೆರಿಗೆ ಪ್ರಮಾಣಪತ್ರವನ್ನು ಕಂಪನಿಯು ಫೆಬ್ರವರಿ ಕೊನೆಯೊಳಗೆ ಇಲಾಖೆಗೆ ಕಳಿಸಬೇಕು. ಒಮ್ಮೆ ಕಳಿಸಿದ ಮೇಲೆ ಆ ತಿಂಗಳನ್ನು ಕಂಪನಿ ತಿದ್ದುವಂತಿಲ್ಲ, ಕಾನೂನೇ ಹಾಗೆ. ಜನವರಿಯಲ್ಲಿ ಮೊದಲ ಇಮೇಲ್ ಹೋದಾಗ ಅದನ್ನು ತಿದ್ದಲು ಸಮಯವಿತ್ತು, ಎರಡು ಟಿಕೆಟ್ ಮುಚ್ಚುವುದರಲ್ಲಿ ಅದು ಕಳೆದುಹೋಯಿತು. ಇನ್ನು ಆ 56 ಯೂರೋಗೆ ಮಾಣಿ ತಾನೇ ವಾರ್ಷಿಕ ತೆರಿಗೆ ವಿವರ ಸಲ್ಲಿಸಿ ಕೇಳಬೇಕು. ಅದಕ್ಕೆ ನಾಲ್ಕು ವರ್ಷ ಅವಕಾಶವಿದೆಯಂತೆ.

ವಿವರ ಸಲ್ಲಿಸಲು ಬೇಕಾದ ಡಿಸೆಂಬರಿನ ಪ್ರಮಾಣಪತ್ರದ ಪ್ರತಿಗಾಗಿ ನಿನ್ನೆ ಸಂಬಳ ವಿಭಾಗಕ್ಕೆ ಇಮೇಲ್ ಹೋಗಿದೆ. ಟಿಕೆಟ್ ಸಂಖ್ಯೆ ಬಂದಿದೆ.