ಬಾಗಿಲಿಗೆ ಅಡ್ಡ ಬಂದ ಉಯ್ಯಾಲೆ

ಮೈಸೂರಿನಲ್ಲಿ ಅಕ್ಕ-ಭಾವ ಮನೆ ಕಟ್ಟಿಸುತ್ತಿದ್ದರು. ನಾನು ಇಂಟೀರಿಯರ್ ಡಿಸೈನ್ ಕೋರ್ಸ್ ಮುಗಿಸಿ ಏಳು ತಿಂಗಳಾಗಿತ್ತು. ಇಷ್ಟು ಸಾಕಲ್ವಾ, ಹಾಲಿನ ಫಾಲ್ಸ್ ಸೀಲಿಂಗ್ ಕೆಲಸ ನನ್ನ ತಲೆಗೆ ಬಂತು. (ಕುಡಿಯುವ ಹಾಲಲ್ಲ. ಆದರೂ ಕೊನೆಗೆ ಒಡೆದಿದ್ದು ಹೌದು.) "ಹೊರಗಿನವರಿಗೆ ಯಾಕೆ ದುಡ್ಡು ಕೊಡೋದು, ನಮ್ಮವಳೇ ಇದಾಳಲ್ಲ" ಅಂದಳು ಅಕ್ಕ. ನಮ್ಮವಳು ಅಂದರೆ ಫ್ರೀ ಅಂತ ಅರ್ಥ.

ಹಾಲ್ 18 ಅಡಿ ಉದ್ದ, 12 ಅಡಿ ಅಗಲ. ಅಪ್ಪಟ ಆಯತ, ಒಂದು ಮೂಲೆಯೂ ಆಚೀಚೆ ಇಲ್ಲ. ಪಶ್ಚಿಮದ ಗೋಡೆಯಲ್ಲಿ ಮುಂಬಾಗಿಲು, ಪೂರ್ವಕ್ಕೆ ಬಾಲ್ಕನಿ. ಸುತ್ತಲೂ 2 ಅಡಿ ಅಗಲದ ಜಿಪ್ಸಮ್ ಬಾರ್ಡರ್ ಇಳಿಸಿ, ನಡುವೆ ಸ್ಲ್ಯಾಬನ್ನು ಹಾಗೇ ಬಿಟ್ಟು, ಬಾರ್ಡರಿನ ಅಂಚಲ್ಲಿ ಕೋವ್ ಮಾಡಿ ಒಳಗೆ ಸ್ಟ್ರಿಪ್ ಲೈಟ್ ಬಚ್ಚಿಡುವುದು. ಬಾರ್ಡರಿನಲ್ಲಿ ಸಾಲಾಗಿ ಡೌನ್‌ಲೈಟು, ನಟ್ಟನಡುವೆ ಫ್ಯಾನು. ಬಾಲ್ಕನಿ ಕಡೆ ಕರ್ಟನ್ ರಾಡು ಕಾಣದ ಹಾಗೆ ಗೋಡೆಗೂ ಸೀಲಿಂಗಿಗೂ ನಡುವೆ 8 ಇಂಚು ಪೆಲ್ಮೆಟ್ ಗ್ಯಾಪು. ಅದೇ ಬಾಲ್ಕನಿ ಗೋಡೆಯಿಂದ ಮೂರೂವರೆ ಅಡಿ ಈಚೆಗೆ ಅಕ್ಕನ ಬಹುದಿನದ ಆಸೆ, ಉಯ್ಯಾಲೆ. ಅದರ ಕೊಂಡಿಗಳನ್ನು ಸ್ಲ್ಯಾಬ್ ಹಾಕುವಾಗಲೇ ಕಂಬಿಗೆ ಸೇರಿಸಿ ಹಾಕಿಸಿದ್ದರು. ಜಿಪ್ಸಮ್‌ಗೆ ಉಯ್ಯಾಲೆ ಕಟ್ಟಿದರೆ ಕೂತವರ ಜೊತೆ ಸೀಲಿಂಗೂ ಕೆಳಗೆ ಬರುತ್ತೆ.

ಇದನ್ನೆಲ್ಲ ಹೇಳುವ ನಕ್ಷೆಯ ಹೆಸರು ರಿಫ್ಲೆಕ್ಟೆಡ್ ಸೀಲಿಂಗ್ ಪ್ಲ್ಯಾನ್. ಸೈಟಲ್ಲಿ ಆರ್‌ಸಿಪಿ. ನನ್ನ ತೊಂದರೆ ಶುರುವಾಗಿದ್ದೇ ಆ ಹೆಸರಿನಿಂದ. ರಿಫ್ಲೆಕ್ಟೆಡ್ ಅಂದರೆ ಕನ್ನಡಿಯಲ್ಲಿ ಕಂಡಿದ್ದು. ಕನ್ನಡಿ ಅಂದರೆ ಎಡ ಬಲ ಆಗುತ್ತೆ. ಸರಿ ತಾನೇ? ಅನುಮಾನ ಬೇಡ ಅಂತ ಸೈಟಿಗೇ ಹೋಗಿ, ಸಿಮೆಂಟ್ ಧೂಳಿನ ಮೇಲೆ ಪೇಪರ್ ಹಾಸಿ, ಉತ್ತರಕ್ಕೆ ತಲೆ ಹಾಕಿ ಅಂಗಾತ ಮಲಗಿದೆ. (ಉತ್ತರಕ್ಕೆ ತಲೆ ಹಾಕಬಾರದು ಅಂತ ಅಮ್ಮ ಸುಮ್ನೆ ಹೇಳ್ತಿರಲಿಲ್ಲ.) ನಕ್ಷೆಯಲ್ಲಿ ಬಲಕ್ಕಿದ್ದ ಬಾಲ್ಕನಿ ಮಲಗಿದಾಗ ನನ್ನ ಎಡಗೈ ಕಡೆ ಇತ್ತು. ನೋಡಿ, ಪುರಾವೆಯೂ ಸಿಕ್ಕಿತು! ಮನೆಗೆ ಬಂದು ಆಟೋಕ್ಯಾಡ್‌ನಲ್ಲಿ ಇಡೀ ಸೀಲಿಂಗನ್ನು ಆಯ್ಕೆ ಮಾಡಿ `MIRROR` ಕೊಟ್ಟೆ.

ಕಾಲೇಜಲ್ಲಿ ಮೇಷ್ಟ್ರು ಹೇಳಿದ್ದು ಬೇರೆ. ಕನ್ನಡಿ ಇರೋದು ನೆಲದಲ್ಲಿ. ನೆಲವೇ ಒಂದು ದೊಡ್ಡ ಕನ್ನಡಿ ಅಂದುಕೊಂಡು, ನಿಂತುಕೊಂಡು ಕೆಳಗೆ ನೋಡಿದರೆ ಸೀಲಿಂಗ್ ಹೇಗೆ ಕಾಣುತ್ತೋ ಅದೇ ಆರ್‌ಸಿಪಿ. ಅಂದರೆ ಲೈಟಿನಿಂದ ತೂಗುಗುಂಡು ಇಳಿಬಿಟ್ಟರೆ ನೆಲದಲ್ಲಿ ಎಲ್ಲಿ ಮುಟ್ಟುತ್ತೋ ಅಲ್ಲಿ ಗುರುತು, ಅಷ್ಟೇ. ಎಡ ಎಡವೇ, ಬಲ ಬಲವೇ. ನೆಲದ ಪ್ಲ್ಯಾನಿನ ಮೇಲಿಟ್ಟರೆ ಗೋಡೆಗೆ ಗೋಡೆ, ಕಿಟಕಿಗೆ ಕಿಟಕಿ ಕೂರಬೇಕು. ತಿರುಗಿಸುವ ಕೆಲಸವನ್ನು ಆ ಕನ್ನಡಿ ಆಗಲೇ ಮಾಡಿರುತ್ತೆ, ನಾವು ಇನ್ನೊಂದು ಸಲ ತಿರುಗಿಸಬಾರದು. ಆ ಕ್ಲಾಸಿನಲ್ಲಿ ನಾನು ಕಡೇ ಬೆಂಚಿನಲ್ಲಿದ್ದೆ.

ತಮಾಷೆ ಅಂದರೆ ತಪ್ಪು ಯಾರ ಕಣ್ಣಿಗೂ ಬೀಳಲಿಲ್ಲ. ಅಕ್ಷರಗಳೂ ಉಲ್ಟಾ ಆಗಿದ್ದರೆ ತಕ್ಷಣ ಗೊತ್ತಾಗುತ್ತಿತ್ತು. ಆದರೆ ಆಟೋಕ್ಯಾಡ್‌ನಲ್ಲಿ `MIRRTEXT` ಅಂತ ಒಂದಿದೆ, ಅದು 0 ಇದ್ದರೆ ಚಿತ್ರ ತಿರುಗಿದರೂ ಅಕ್ಷರ ನೆಟ್ಟಗೇ ಉಳಿಯುತ್ತೆ. ನನ್ನದು 0 ಇತ್ತು. ಹಾಲ್ ಆಯತವಾದ್ದರಿಂದ ತಿರುಗಿಸಿದರೂ ಅದೇ ಆಕಾರ. ಫ್ಯಾನ್ ನಡುವೆ ಇತ್ತು, ತಿರುಗಿಸಿದರೂ ನಡುವೆಯೇ. ಇನ್ನು ನೆಲದ ಪ್ಲ್ಯಾನಿನಲ್ಲಿ ಬಾಗಿಲು ತೆರೆಯುವ ಕಮಾನು ಗೆರೆ ಇರುತ್ತಲ್ಲ, ಅದು ಆರ್‌ಸಿಪಿಯಲ್ಲಿ ಬರೆಯಲ್ಲ. ಮೇಲೆ ಬಾಗಿಲೆಲ್ಲಿ ತೆರೆಯುತ್ತೆ? ಹಾಗಾಗಿ ಬಾಗಿಲೂ ಬಾಲ್ಕನಿಯೂ ನೋಡೋಕೆ ಹೆಚ್ಚುಕಡಿಮೆ ಒಂದೇ ಥರ ಎರಡು ಗೆರೆ. ಕಳ್ಳತನ ಮಾಡಿದವನೂ ಇಷ್ಟು ಚೆನ್ನಾಗಿ ಗುರುತು ಅಳಿಸಲ್ಲ.

ಮೂರನೇ ದಿನ ಸೀಲಿಂಗ್ ಮೇಸ್ತ್ರಿ ಫೋನ್ ಮಾಡಿದರು.

"ಮೇಡಂ, ಮೇನ್ ಡೋರಿಗೆ ಕರ್ಟನ್ ಹಾಕ್ತೀರಾ?"

"ಇಲ್ವಲ್ಲ. ಯಾಕೆ?"

"ಪೆಲ್ಮೆಟ್ ಗ್ಯಾಪ್ ಬಾಗಿಲ ಹತ್ರ ಕೊಟ್ಟಿದೀರಿ, ಫ್ರೇಮ್ ಆಗೋಯ್ತು. ಅದು ಹೋಗ್ಲಿ ಬಿಡಿ, ನಮಗೇನು. ಆದ್ರೆ ಉಯ್ಯಾಲೆ ಕೊಂಡಿ ಸ್ಲ್ಯಾಬಲ್ಲಿ ಆ ಕಡೆ ಇದೆ, ಡ್ರಾಯಿಂಗಲ್ಲಿ ಈ ಕಡೆ ಇದೆ. ಬಾಗಿಲು ತೆಗೆದೋರು ಸೀದಾ ಉಯ್ಯಾಲೆ ಮೇಲೆ ಕೂತ್ಕೊಳ್ಳೋ ಥರಾನಾ?"

ನಾನು ಲ್ಯಾಪ್‌ಟಾಪ್ ತೆಗೆದು ನೋಡಿದೆ. ಆ ಥರಾನೇ ಇತ್ತು.

ಒಂದು ದಿನದ ಕೂಲಿ ಹೋಯಿತು. ಎರಡು ಕೊನೆಯ ಫ್ರೇಮ್ ಬಿಚ್ಚಿ ಮತ್ತೆ ಕಟ್ಟಿದರು. ಅಕ್ಕನಿಗೆ "ಸಣ್ಣ ಕರೆಕ್ಷನ್" ಅಂದೆ.

ಮುಂದಿನ ಅವಾಂತರಕ್ಕೆ ಬರೋಣ. ಉದ್ದನೆ ಬಾರ್ಡರಿನಲ್ಲಿ ಐದೈದು ಡೌನ್‌ಲೈಟು. 18 ಅಡಿಗೆ 3 ಅಡಿಗೊಂದು ಅಂತ ಲೆಕ್ಕ ಹಾಕಿದೆ: ಗೋಡೆಯಿಂದ 3, 6, 9, 12, 15. ಕೊನೆಯಲ್ಲೂ 3 ಅಡಿ ಉಳಿಯುತ್ತೆ. ಪೇಪರ್ ಮೇಲೆ ಎಷ್ಟು ಚಂದ! ಮೇಸ್ತ್ರಿಗೂ ಅವರದೇ ಲೆಕ್ಕ ಇತ್ತು. ಜಿಪ್ಸಮ್ ಬೋರ್ಡ್ ಹಿಡಿದುಕೊಳ್ಳಲು ಅಡ್ಡ ಚಾನೆಲ್‌ಗಳನ್ನು ಗೋಡೆಯಿಂದ ಒಂದೂವರೆ ಅಡಿಗೊಂದರಂತೆ ಹಾಕುತ್ತಾರೆ. ಒಂದೂವರೆ, ಮೂರು, ನಾಲ್ಕೂವರೆ, ಆರು... ನಿಮಗೆ ಆಗಲೇ ಹೊಳೆದಿರಬೇಕು. ನನಗೆ ಹೊಳೆದಿದ್ದು ಬೋರ್ಡ್ ಹೊಡೆದು, ಹೋಲ್ ಸಾ ಹಾಕಿ 3 ಇಂಚಿನ ತೂತು ಕೊರೆಯೋಕೆ ಶುರು ಮಾಡಿದ ಮೇಲೆ. ಮೊದಲನೇ ತೂತಿಗೆ ಕಿರ್ರ್ ಅಂತು. ಕಬ್ಬಿಣ. ಎರಡನೇದಕ್ಕೂ ಕಿರ್ರ್. ಮೂರನೇದಕ್ಕೆ ಹುಡುಗ ಡ್ರಿಲ್ ಕೆಳಗಿಟ್ಟು ನನ್ನ ಮುಖ ನೋಡಿದ. ಐದಕ್ಕೆ ಐದೂ ಚಾನೆಲ್ ಮೇಲೇ! ಬೇಕಂತ ಮಾಡಿದರೂ ಹೀಗೆ ಬರಲ್ಲ.

ಮೊದಲನೇ ಚಾನೆಲನ್ನು ಗೋಡೆಯಿಂದ 9 ಇಂಚಿಗೆ ಹಾಕಿ ಅಲ್ಲಿಂದ ಒಂದೂವರೆ ಅಡಿಗೊಂದು ಅಂದಿದ್ದರೆ ಸಾಕಿತ್ತು, ಪ್ರತಿ ಲೈಟೂ ಎರಡು ಚಾನೆಲ್‌ಗಳ ಸರಿಯಾಗಿ ನಡುವೆ ಬರುತ್ತಿತ್ತು. ಅದಕ್ಕೆ ಲೈಟಿನ ಗುರುತು ಫ್ರೇಮಿಗೆ ಮುಂಚೆ ನೆಲದ ಮೇಲೆ ಹಾಕಿಸಬೇಕು. ನಾನು ಬೋರ್ಡ್ ಆದ ಮೇಲೆ ಹಾಕಿಸಿದ್ದೆ.

"ಚಾನೆಲ್ ಕಟ್ ಮಾಡ್ಲಾ ಮೇಡಂ?" ಅಂದ ಹುಡುಗ. ಬೇಡಪ್ಪಾ ಅಂದೆ. ಬೋರ್ಡಿಗೆ ಆಧಾರವೇ ಅದು, ಕತ್ತರಿಸಿದರೆ ಇವತ್ತು ಏನೂ ಆಗಲ್ಲ, ಆಮೇಲೆ ಅಲ್ಲೇ ಜೋತು ಬಿದ್ದು ಬಿರುಕು ಬಿಡುತ್ತೆ. ಒಂದೊಂದು ಲೈಟನ್ನು ಜಾಗ ಸಿಕ್ಕ ಕಡೆ ಸರಿಸುವುದೂ ಬೇಡ. ಸಾಲಿನಲ್ಲಿ ಒಂದು ಲೈಟ್ ಹೆಚ್ಚುಕಡಿಮೆಯಾದರೆ ಮನೆಗೆ ಬಂದ ಹಾಲಿನವನಿಗೂ ಕಾಣುತ್ತೆ. ಮೇಸ್ತ್ರಿಯೇ ದಾರಿ ಹೇಳಿದರು: ಐದನ್ನೂ ಒಟ್ಟಿಗೆ 4 ಇಂಚು ಬಾಲ್ಕನಿ ಕಡೆ ತಳ್ಳಿ, ಎದುರಿನ ಸಾಲಿಗೂ ಹಾಗೇ ಮಾಡಿ. ನಡುವಿನ ಅಂತರ 3 ಅಡಿಯೇ ಇರುತ್ತೆ, ಬಾಗಿಲ ಕಡೆ 3 ಅಡಿ 4 ಇಂಚು, ಬಾಲ್ಕನಿ ಕಡೆ 2 ಅಡಿ 8 ಇಂಚು. "18 ಅಡಿ ಹಾಲಲ್ಲಿ ಯಾರು ಅಳೀತಾರೆ ಮೇಡಂ?" ಹಾಳಾದ ತೂತುಗಳಿಗೆ ಪ್ಯಾಚ್ ಹಾಕಿ, ಟೇಪ್ ಅಂಟಿಸಿ, ಕಾಂಪೌಂಡ್ ಸವರಿ ಮುಚ್ಚಿದರು.

ಯಾರು ಅಳೀತಾರೆ ಅನ್ನೋದನ್ನ ಆಮೇಲೆ ಹೇಳ್ತೀನಿ. ಅದಕ್ಕೂ ಮುಂಚೆ ಟಿವಿ ಪ್ಯಾನೆಲ್ ಬಂತು.

ಟಿವಿ ಗೋಡೆಗೆ ನೆಲದಿಂದ ಸೀಲಿಂಗ್‌ವರೆಗೆ ಪಟ್ಟಿಪಟ್ಟಿ ಪ್ಯಾನೆಲ್. ಬಡಗಿ ತಮ್ಮ ವರ್ಕ್‌ಶಾಪಿನಲ್ಲೇ ಮಾಡಿ ತಂದರು, ಸೀಲಿಂಗಿಗೆ ಸೇರಿಸಲು ಚೂರು ಬಿಟ್ಟು, 9 ಅಡಿ ಲೆಕ್ಕದಲ್ಲಿ. ನಾಲ್ಕು ಜನ ಎತ್ತಿ ನಿಲ್ಲಿಸಿದರು. ನಿಲ್ಲಲಿಲ್ಲ. ಸೀಲಿಂಗಿಗೆ ತಾಗಿ ಓರೆಯಾಗಿ ಒರಗಿಕೊಂಡಿತು. ಟೇಪ್ ಹಿಡಿದರೆ ಬಾರ್ಡರ್ ಕೆಳಗೆ 8 ಅಡಿ 9 ಇಂಚು. ನನ್ನ ಡ್ರಾಯಿಂಗಿನಲ್ಲಿ +9'-0" ಅಂತ ದಪ್ಪಕ್ಷರದಲ್ಲಿದೆ. ನಾನು ಮೇಸ್ತ್ರಿಗೆ ಜೋರಾಗೇ ಫೋನ್ ಹಚ್ಚಿದೆ.

"9 ಅಡಿ ಅಂದ್ರಿ, 9 ಅಡಿಗೇ ಹಾಕಿದೀನಿ ಮೇಡಂ."

"ಎಲ್ಲಿಂದ ಅಳೆದ್ರಿ?"

"ನೆಲದಿಂದ."

"ಯಾವ ನೆಲ?"

"ಆಗ ಇದ್ದ ನೆಲ."

ಫೋನ್ ಇಟ್ಟೆ. ಆಗ ಇದ್ದಿದ್ದು ಬರೀ ಕಾಂಕ್ರೀಟ್ ನೆಲ. ಆಮೇಲೆ ಅದರ ಮೇಲೆ ಸಿಮೆಂಟ್ ಗಾರೆ, ಅದರ ಮೇಲೆ ಟೈಲ್ಸ್ ಬಂದು ಒಟ್ಟು 3 ಇಂಚು ನೆಲ ಮೇಲೆ ಬಂದಿತ್ತು. ಸೀಲಿಂಗ್ ಇದ್ದಲ್ಲೇ ಇತ್ತು. ಲೆವೆಲ್ ಪಕ್ಕದಲ್ಲಿ ಎಫ್‌ಎಫ್‌ಎಲ್, ಅಂದರೆ ಟೈಲ್ಸ್ ಹಾಕಿ ಮುಗಿದ ನೆಲದಿಂದ ಅಂತ ಮೂರಕ್ಷರ ಬರೆಯಬೇಕಿತ್ತು. ಬರೆದಿರಲಿಲ್ಲ. ನನ್ನ ಡ್ರಾಯಿಂಗ್ ನೋಡಿದರೇ ಗೊತ್ತಾಗುತ್ತಿತ್ತು: ನಡುವಿನ ಸ್ಲ್ಯಾಬಿಗೆ +9'-10" ಅಂತ ನಾನೇ ಕಾಂಕ್ರೀಟ್ ನೆಲದಿಂದ ಅಳೆದು ಬರೆದಿದ್ದೆ. ಟೈಲ್ಸ್ ಆದ ಮೇಲೆ ಅದು 9 ಅಡಿ 7 ಇಂಚು. ಅಂದರೆ ಬಾರ್ಡರ್ 7 ಇಂಚು ಇಳಿಯಬೇಕಿತ್ತು, 10 ಇಂಚು ಇಳಿದಿತ್ತು. ಮೇಸ್ತ್ರಿ ಡ್ರಾಯಿಂಗಿಗೆ ಒಂದು ನೂಲಿನಷ್ಟೂ ಮೋಸ ಮಾಡಿರಲಿಲ್ಲ. ಟೈಲ್ಸ್‌ಗೆ ಮುಂಚೆ ಸೀಲಿಂಗ್ ಹಾಕಿಸುವವರು ಗೋಡೆಯ ಮೇಲೆ ಮುಗಿದ ನೆಲದಿಂದ ಒಂದು ಮೀಟರ್ ಎತ್ತರಕ್ಕೆ ಸುತ್ತಲೂ ಲೆವೆಲ್ ಗೆರೆ ಎಳೆಸಿ, ಎಲ್ಲರೂ ಅಲ್ಲಿಂದಲೇ ಅಳೆಯಿರಿ ಅನ್ನಬೇಕಂತೆ. ಬಡಗಿ ಇದನ್ನು ಹೇಳಿದ್ದು ಪ್ಯಾನೆಲಿನ ಮೇಲ್ತುದಿ ಕೊಯ್ಯುತ್ತಾ. ಆ ತುದಿಯಲ್ಲಿ ಲೈಟ್ ಪಟ್ಟಿ ಕೂರಿಸಲು ಗ್ರೂವ್ ಹೊಡೆದಿದ್ದರು, ಅದೂ ಹೋಯಿತು.

ಗೃಹಪ್ರವೇಶದ ಹಿಂದಿನ ಸಂಜೆ ಎಲ್ಲ ಲೈಟ್ ಹಾಕಿದೆವು. ಟೈಲ್ಸ್ ಒರೆಸಿ ಫಳಫಳ ಅಂತಿತ್ತು. ನೆಲ ನೋಡಿದೆ, ಅಲ್ಲೇ ನಿಂತುಬಿಟ್ಟೆ. ಕೋವಿನ ಬೆಳಕು, ಲೈಟಿನ ಸಾಲು, ಫ್ಯಾನು, ಬಾಲ್ಕನಿ ಕಡೆ ಉಯ್ಯಾಲೆಯ ಸರಪಳಿ, ಇಡೀ ಸೀಲಿಂಗ್ ನೆಲದಲ್ಲಿ ಬಿದ್ದಿತ್ತು. ಎಡ ಎಡಕ್ಕೇ, ಬಲ ಬಲಕ್ಕೇ. ಮೇಷ್ಟ್ರು ಹೇಳಿದ ಕನ್ನಡಿ!

ಅಕ್ಕನೂ ಅದನ್ನೇ ನೋಡುತ್ತಿದ್ದಳು. ಬಾಗಿಲ ಕಡೆಯ ಮೊದಲನೇ ಲೈಟಿನ ಕೆಳಗೆ ಹೋಗಿ ನಿಂತು ಗೋಡೆವರೆಗೂ ಟೈಲ್ಸ್ ಎಣಿಸಿದಳು. ಆಮೇಲೆ ಬಾಲ್ಕನಿ ಕಡೆ ಹೋಗಿ ಎಣಿಸಿದಳು. ಎರಡಡಿ ಟೈಲ್ಸ್ ಹಾಕಿಸಲು ಹೇಳಿದ್ದೂ ನಾನೇ.

"ಅಲ್ವೇ, ಅತ್ಲಾಗೆ ಒಂದೂ ಮುಕ್ಕಾಲು ಟೈಲ್ಸ್, ಇತ್ಲಾಗೆ ಒಂದೂಕಾಲು. ಯಾಕೆ ಹಿಂಗೆ?"

ನಾನು ಚಾನೆಲ್ಲು, ಹೋಲ್ ಸಾ, ಕಿರ್ರ್ ಎಲ್ಲ ವಿವರಿಸಿದೆ. ಉಯ್ಯಾಲೆ ಮೇಲೆ ಕೂತಿದ್ದ ಭಾವ ಪೂರ್ತಿ ಕೇಳಿಸಿಕೊಂಡು, "ನಿಂಗೆ ಮಿರರ್ ಮಾಡೋಕೆ ಬರುತ್ತಲ್ಲಮ್ಮ, ಇನ್ನೊಂದ್ಸಲ ಮಾಡಿಬಿಡು" ಅಂದರು. ಒಂದರ್ಧ ನಿಮಿಷ ನಾನು ನಿಜವಾಗಲೂ ಲೆಕ್ಕ ಹಾಕಿದೆ. ಬಾಲ್ಕನಿ ಕಡೆ 3 ಅಡಿ 4 ಇಂಚು ಆಗುತ್ತೆ, ಬಾಗಿಲ ಕಡೆ 2 ಅಡಿ 8 ಇಂಚು.